ಎಳ್ಳಿಗೆ ಹೂ ಮುಡಿಸಿದ್ದು

2024ರ ಏಪ್ರಿಲ್. ಹ್ಯೂಸ್ಟನ್‌ನಲ್ಲಿ ಸಂಜೆ ಏಳೂವರೆ. ಆಫೀಸಿನಿಂದ ಬಂದವಳು ಕಸದ ಚೀಲ ಹಿಡಿದು ಹೊರಗೆ ಹೋದೆ. ಪಕ್ಕದ ಮನೆಯ ಬೇಲಿ ದಾಟುವಾಗ ಕಾಲು ತಾನಾಗಿ ನಿಂತಿತು. ಗಾಳಿಯಲ್ಲಿ ಏನೋ ಇತ್ತು. ಅದೇನು ಅಂತ ತಿಳಿಯುವ ಮೊದಲೇ ನಾನು ಗುಳೇದಗುಡ್ಡದ ಮನೆಯ ಪಡಸಾಲೆಯಲ್ಲಿದ್ದೆ. ಆಯಿಯ ಎರಡು ಮೊಣಕಾಲಿನ ನಡುವೆ ಕೂತಿದ್ದೆ. ನೆತ್ತಿಯ ಮೇಲೆ ಆಕೆಯ ಅಂಗೈ. "ಅಲ್ಲಾಡಬ್ಯಾಡ, ಬೈತಲಿ ಸೊಟ್ಟ ಆಗತೈತಿ" ಅನ್ನುವ ದನಿ.

ಭಾನುವಾರ ನಮಗೆಲ್ಲ ತಲೆ ಎರೆಯುವ ದಿನ. ಅದಕ್ಕೂ ಮೊದಲು, ಶನಿವಾರ ರಾತ್ರಿ, ಆಯಿ ನಾಲ್ಕು ಮೊಮ್ಮಕ್ಕಳನ್ನು ಸಾಲಾಗಿ ಕೂರಿಸಿ ಎಣ್ಣೆ ಹಚ್ಚುತ್ತಿದ್ದಳು. ಗಾಜಿನ ಸಣ್ಣ ಬಾಟಲಿ. ಅದರಿಂದ ಅಂಗೈಗೆ ಎರಡೇ ಹನಿ. ಮೊದಲು ಎಳ್ಳಿನ ವಾಸನೆ. ಕೈ ತಿಕ್ಕಿ ನೆತ್ತಿಗೆ ಇಟ್ಟ ಮೇಲೆ, ತಲೆಯ ಬಿಸಿಗೆ, ನಿಧಾನಕ್ಕೆ ಮಲ್ಲಿಗೆ. ಆ ರಾತ್ರಿ ಅದೇ ವಾಸನೆ ಹೊದ್ದ ಕೌದಿಗೂ ಹತ್ತುತ್ತಿತ್ತು.

ಬೇಲಿಯ ಹೂ ನೋಡಿದೆ. ಬಿಳಿ, ಐದು ಎಸಳು, ಗಾಳಿಗಿರಕಿಯ ಹಾಗೆ ಒಂದೇ ಕಡೆ ತಿರುಗಿದ ಎಸಳು. ನೆರೆಮನೆಯವರನ್ನು ಕೇಳಿ ಎರಡು ಟಿಸಿಲು ಕಿತ್ತುಕೊಂಡೆ. ಕಿತ್ತ ಜಾಗದಿಂದ ಬಿಳಿ ಹಾಲು ಬಂತು. ಮನೆಗೆ ಬಂದು ಆಯಿಗೆ ವಿಡಿಯೋ ಕಾಲ್ ಮಾಡಿದೆ. ನಮ್ಮ ರಾತ್ರಿ ಎಂಟೂವರೆ ಅಂದರೆ ಅಲ್ಲಿ ಬೆಳಿಗ್ಗೆ ಏಳು. ಆಕೆ ಚಹಾ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದಳು. ಹೂ ತೋರಿಸಿದೆ.

"ಹಾಲ ಬರೂ ಬಳ್ಳಿ ಮಲ್ಲಿಗಿ ಅಲ್ಲವಾ. ಅದು ಬ್ಯಾರೆ ಜಾತಿ" ಅಂದಳು. "ಮಲ್ಲಿಗಿ ಮುರದ್ರ ನೀರೂ ಬರಂಗಿಲ್ಲ, ಹಾಲೂ ಬರಂಗಿಲ್ಲ."

ಅದು ನಿಜ. ಇಲ್ಲಿ ಸ್ಟಾರ್ ಜಾಸ್ಮಿನ್ ಅಂತ ಬೇಲಿಗೆಲ್ಲ ಹಬ್ಬಿಸುವ ಬಳ್ಳಿ ಮಲ್ಲಿಗೆಯ ಕುಲಕ್ಕೆ ಸೇರಿದ್ದೇ ಅಲ್ಲ. ಅದು ಕಣಗಿಲೆಯ ಕುಟುಂಬದ್ದು. ವಾಸನೆ ಮಾತ್ರ ಹತ್ತಿರದ್ದು. ಆದರೆ ಆ ಸಂಜೆ ನನ್ನೊಳಗೆ ಎದ್ದದ್ದು ಮತ್ತೆ ಮಲಗಲಿಲ್ಲ. ಆಯಿಯ ಎಣ್ಣೆ ನನಗೆ ಬೇಕಿತ್ತು. ಕೇಳಿದರೆ, "ಈಗ ಮಾಡೂದ ಬಿಟ್ಟೀನಿ" ಅಂದಳು. ಯಾಕೆ ಅಂದರೆ ಮಾತು ಬದಲಿಸಿದಳು. ಹಾಗಾದರೆ ನಾನೇ ಮಾಡುತ್ತೇನೆ ಅಂದೆ.

ನರ್ಸರಿಯಿಂದ ನಾಲ್ಕು ಕುಂಡ ತಂದೆ. ಚೀಟಿಯಲ್ಲಿ ಮೇಡ್ ಆಫ್ ಆರ್ಲಿಯನ್ಸ್ ಅಂತಿತ್ತು. ನಮ್ಮ ದುಂಡು ಮಲ್ಲಿಗೆಯದೇ ಜಾತಿ. ಎಸಳು ಮಾತ್ರ ಕಡಿಮೆ ಸುತ್ತು. ಹ್ಯೂಸ್ಟನ್ ಬಿಸಿಲು ಅದಕ್ಕೆ ಹಿತ. ಮೇ ಮಧ್ಯದ ಹೊತ್ತಿಗೆ ಮೊಗ್ಗು ಹಿಡಿಯಿತು.

ಮೊದಲ ಸಲ ನನಗೆ ತೋಚಿದಂತೆ ಮಾಡಿದೆ. ಕೊಬ್ಬರಿ ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಅದರಲ್ಲಿ ಅರಳಿದ ಹೂ ಹಾಕಿ, ಸಣ್ಣ ಉರಿಯಲ್ಲಿ ಒಂದು ತಾಸು ಬಿಟ್ಟೆ. ಹತ್ತು ನಿಮಿಷಕ್ಕೇ ಎಸಳು ಗಾಜಿನಂತೆ ಪಾರದರ್ಶಕ ಆದವು. ಆಮೇಲೆ ಕಂದು. ಮನೆ ತುಂಬ ಬೆಂದ ಸೊಪ್ಪಿನ ವಾಸನೆ. ಸೋಸಿ ಇಟ್ಟ ಎಣ್ಣೆಯ ತಳದಲ್ಲಿ ವಾರ ಕಳೆಯುವಷ್ಟರಲ್ಲಿ ನೀರು ನಿಂತು, ಹುಳಿ ವಾಸನೆ ಬಂತು.

"ಹೂವ ಕುದಿಸಿದ್ಯಾ?" ಆಯಿಯ ದನಿಯಲ್ಲಿ ನಿಜವಾದ ನೋವಿತ್ತು. "ಮಲ್ಲಿಗಿ ಹರದ ಮ್ಯಾಲೂ ಉಸರಾಡತೈತಿ, ತಂಗಿ. ರಾತ್ರಿಪೂರ್ತಿ ಉಸರ ಬಿಡತೈತಿ. ಆ ಉಸರ ಎಳ್ಳ ಕುಡೀಬೇಕು. ನೀ ಬೆಂಕಿಗೆ ಇಟ್ರ ಅದು ಸತ್ತ ಹೋತು. ಸತ್ತದ್ದರಿಂದ ವಾಸನಿ ಎಲ್ಲಿಂದ ಬರತೈತಿ?"

ಆಯಿ ಶಾಲೆಯ ಮುಖ ನೋಡಿದವಳಲ್ಲ. ಆದರೆ ಹೂವಿನ ಬಗ್ಗೆ ಓದಿದಾಗ ಕಂಡದ್ದು ಇದನ್ನೇ. ಗುಲಾಬಿಯಂಥ ಹೂವಿನ ಪರಿಮಳ ಎಸಳಿನಲ್ಲೇ ಕೂಡಿರುತ್ತದೆ. ಆವಿಗೆ ಒಡ್ಡಿದರೂ ಸಿಗುತ್ತದೆ. ಮಲ್ಲಿಗೆ ಹಾಗಲ್ಲ. ಅದು ಕಿತ್ತ ಮೇಲೂ ಗಂಟೆಗಟ್ಟಲೆ ಪರಿಮಳವನ್ನು ಹೊಸದಾಗಿ ತಯಾರಿಸುತ್ತಲೇ ಇರುತ್ತದೆ. ಬಿಸಿ ತಾಗಿದರೆ ಆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಎಣ್ಣೆ, ಕೊಬ್ಬು ಇಂಥವು ಪಕ್ಕದಲ್ಲಿದ್ದರೆ ಆ ಪರಿಮಳವನ್ನು ಹೀರಿ ಇಟ್ಟುಕೊಳ್ಳುತ್ತವೆ. ಎಳ್ಳುಕಾಳಿನ ಅರ್ಧದಷ್ಟು ತೂಕ ಎಣ್ಣೆಯೇ. ಅದಕ್ಕೇ ಎಣ್ಣೆ ತೆಗೆಯುವ ಮೊದಲೇ, ಎಳ್ಳು ಕಾಳಾಗಿ ಇರುವಾಗಲೇ, ಅದನ್ನು ಹೂವಿನ ಜೊತೆ ಮಲಗಿಸಬೇಕು. ಮರುದಿನ ಹೂ ತೆಗೆದು, ಸಂಜೆ ಹೊಸ ಹೂ. ಮತ್ತೆ ಮರುದಿನ. ಹಾಗೆ ವಾರಗಟ್ಟಲೆ ಆದ ಮೇಲೆ ಗಾಣಕ್ಕೆ. ನಮ್ಮ ಮನೆಯಲ್ಲಿ ಇದಕ್ಕೆ "ಎಳ್ಳಿಗೆ ಹೂ ಮುಡಸೂದು" ಅನ್ನುತ್ತಿದ್ದರು.

ಆ ಮಾತು ನೆನಪಾದಾಗ ಇನ್ನೊಂದೂ ನೆನಪಾಯಿತು. ಹಿತ್ತಲಿನ ಬಚ್ಚಲ ನೀರು ಹರಿಯುವ ಕಡೆ ನಮ್ಮ ಬಳ್ಳಿ ಇತ್ತು. ಬೇಸಿಗೆಯಲ್ಲಿ ಬುಟ್ಟಿಗಟ್ಟಲೆ ಮೊಗ್ಗು. ಓಣಿಯ ಹುಡುಗಿಯರಿಗೆಲ್ಲ ಆಯಿಯೇ ಮಾಲೆ ಕಟ್ಟಿಕೊಡುತ್ತಿದ್ದಳು. ಉಳಿದ ಮೊಗ್ಗು ಎಳ್ಳಿಗೆ. ಆಯಿಯ ತುರುಬಿನಲ್ಲಿ ಮಾತ್ರ ನಾನು ಒಂದು ದಿನವೂ ಹೂ ಕಂಡಿಲ್ಲ. ಅಜ್ಜ ತೀರಿಕೊಂಡಾಗ ಆಕೆಗೆ 31 ವರ್ಷ. ಏಳೆಂಟು ವರ್ಷದವಳಿದ್ದಾಗ ಕೇಳಿದ್ದೆ, "ಆಯಿ, ನೀ ಯಾಕ ಮುಡಕೊಳ್ಳಂಗಿಲ್ಲ?"

"ನಂದು ಎಣ್ಯಾಗ ಐತಿ" ಅಂದಿದ್ದಳು.

ಒಮ್ಮೆ ದೂರದ ಸಂಬಂಧದ ಹೆಣ್ಣುಮಗಳೊಬ್ಬಳು ಬಂದು, ಈ ವಯಸ್ಸಿನಾಗ, ಇಂಥಾಕಿಗೆ ಹೂವಿನ ವಾಸನಿ ಯಾಕ ಅಂತ ಆಡಿದ್ದಳು. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಎಳ್ಳೆಣ್ಣಿ ಹಚ್ಕೊಂಡೀನಿ" ಅಂದಳು, ಅಷ್ಟೇ. ಆಗ ನನಗೆ ಅದೇನೂ ಅರ್ಥ ಆಗಿರಲಿಲ್ಲ.

ಜೂನ್ ಕೊನೆಯಲ್ಲಿ ಎಳ್ಳಿಗೆ ಹೂ ಮುಡಿಸಲು ಶುರು ಮಾಡಿದೆ. ಹನ್ನೆರಡು ರಾತ್ರಿ ಚೆನ್ನಾಗಿ ನಡೆಯಿತು. ಜುಲೈ 8ರ ನಸುಕಿನಲ್ಲಿ ಬೆರಿಲ್ ಚಂಡಮಾರುತ ಟೆಕ್ಸಸ್ ಕರಾವಳಿಗೆ ಬಡಿಯಿತು. ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕಿಂತ ಜಾಸ್ತಿ ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ನಮಗೆ ಬಂದದ್ದು ಐದು ದಿನಕ್ಕೆ. ಕುಂಡಗಳನ್ನು ಹಿಂದಿನ ದಿನವೇ ಒಳಗೆ ತಂದಿದ್ದೆ, ಅವು ಉಳಿದವು. ಎಳ್ಳು ಉಳಿಯಲಿಲ್ಲ. ಫ್ಯಾನಿಲ್ಲ, ಏಸಿ ಇಲ್ಲ, ಗೋಡೆ ಮುಟ್ಟಿದರೆ ಒದ್ದೆ. ಮೂರನೇ ದಿನ ಡಬ್ಬಿ ತೆರೆದರೆ ಕಾಳುಗಳ ನಡುವೆ ಜೇಡರ ಬಲೆಯಂಥ ಬೂದು ಎಳೆ. ಒದ್ದೆ ಗೋಣಿಚೀಲದ ವಾಸನೆ.

ಬಿಸಿಲಿಗೆ ಒಣಗಿಸಿ, ತೊಳೆದು ಉಳಿಸಿಕೊಳ್ಳಬಹುದಾ ಅಂತ ಕೇಳಿದೆ.

"ಬೂಸ್ಟ ಹಿಡದ ಎಳ್ಳ ಕೋಳಿಗೂ ಹಾಕಬಾರದು. ಚೆಲ್ಲ" ಅಂದಳು ಆಯಿ.

ಆ ದಿನ ನನಗೆ ಅಳು ಬಂದಿತ್ತು. "ನಿನ್ನ ಹತ್ತರ ಹಳೇದು ಒಂದ ಬಾಟಲಿ ಆದ್ರೂ ಇಲ್ಲೇನ ಬೇ? ವಾಸನಿ ಹ್ಯಾಂಗಿರಬೇಕು ಅಂತ ನೋಡಾಕರೆ ಬೇಕಲ್ಲ" ಅಂದೆ. ಆಯಿ ಸುಮ್ಮನಾದಳು. ಫೋನು ಕಾಕುನ ಕೈಗೆ ಹೋಯಿತು. ಕಾಕು ಮಾತಾಡುತ್ತ ಹಿತ್ತಲಿಗೆ ಬಂದಳು.

"ಅತ್ತಿಯವ್ರಿಗೆ ವಾಸನಿ ತಿಳಿಯಂಗಿಲ್ಲ ತಂಗಿ. ಎರಡ ವರ್ಷದ ಹಿಂದ ಜ್ವರ ಬಂದಿತ್ತಲ್ಲ, ಅದಾದಮ್ಯಾಲ. ಹಾಲ ಸೀದರೂ ಗೊತ್ತಾಗಂಗಿಲ್ಲ. ನಿನಗ ಹೇಳಬ್ಯಾಡ ಅಂದಿದ್ರು."

ಮೂರು ತಿಂಗಳಿಂದ ನಾನು ಬರೀ ವಾಸನೆಯ ಮಾತನ್ನೇ ಆಡಿದ್ದೆ. ಆಕೆ ಒಂದೊಂದಕ್ಕೂ ಉತ್ತರ ಕೊಟ್ಟಿದ್ದಳು. ಮರುದಿನ ಫೋನ್ ಮಾಡಿದಾಗ ಅದನ್ನು ನಾನೂ ಎತ್ತಲಿಲ್ಲ, ಆಕೆಯೂ ಎತ್ತಲಿಲ್ಲ. "ಹೊಸಾ ಎಳ್ಳ ತಂದೀಯೇನ?" ಅಂದಳು.

ಎಳ್ಳಿಗೆ ಎರಡನೇ ಸಲ ಹೂ ಮುಡಿಸಿದ್ದನ್ನು ಪೂರ್ತಿ ಬರೆಯುತ್ತೇನೆ. ಯಾಕೆಂದರೆ ಅದನ್ನು ಆಯಿ ಕಿವಿಯಿಂದ ಮಾಡಿಸಿದಳು.

ಸಿಪ್ಪೆ ತೆಗೆದ ಬಿಳಿ ಎಳ್ಳು, 250 ಗ್ರಾಂ. ಹುರಿದದ್ದು ಆಗಬಾರದು, ಹುರಿದ ವಾಸನೆ ಹೂವನ್ನು ಮುಚ್ಚಿಬಿಡುತ್ತದೆ. ಆಯಿ ಊರಿನಲ್ಲಿ ಎಳ್ಳು ನೆನೆಸಿ, ಗೋಣಿತಟ್ಟಿನ ಮೇಲೆ ತಿಕ್ಕಿ, ಸಿಪ್ಪೆ ತೇಲಿಸಿ, ನೆರಳಲ್ಲಿ ಒಣಗಿಸುತ್ತಿದ್ದಳು. ನನಗೆ ಅಂಗಡಿಯಲ್ಲೇ ಸಿಪ್ಪೆ ತೆಗೆದದ್ದು ಸಿಕ್ಕಿತು.

ಮೊಗ್ಗು ಬಿಡಿಸುವುದು ಸಂಜೆ ಆರೂವರೆಗೆ. ಪೂರ್ತಿ ಬೆಳ್ಳಗಾಗಿ ಉಬ್ಬಿದ, ಆದರೆ ಬಾಯಿ ಬಿಡದ ಮೊಗ್ಗು ಮಾತ್ರ. ಹಸಿರು ಛಾಯೆ ಇದ್ದರೆ ಅದು ಆ ರಾತ್ರಿ ಅರಳುವುದಿಲ್ಲ. ಗಿಡಕ್ಕೆ ನೀರು ಹಾಕುವುದು ಬೆಳಿಗ್ಗೆಯೇ, ಅದೂ ಬುಡಕ್ಕೆ. ಮೊಗ್ಗಿನ ಮೇಲೆ ಒಂದು ಹನಿ ನೀರಿದ್ದರೂ ಎಳ್ಳಿಗೆ ಕೇಡು. ಭಾರತೀಯ ಅಂಗಡಿಯಲ್ಲಿ ಮಾಲೆ ಸಿಗುತ್ತದಲ್ಲ, ಅದನ್ನೇ ತರಬಹುದಿತ್ತು ಅಂತ ಗೆಳತಿ ಕೇಳಿದಳು. ಒಮ್ಮೆ ತಂದೂ ನೋಡಿದೆ. ನೀರು ಚಿಮುಕಿಸಿ ಫ್ರಿಜ್ಜಿನಲ್ಲಿಟ್ಟ ಹೂ ಅದು. ಅರಳುವ ಬದಲು ಮುದುಡಿಕೊಂಡಿತು.

ಅಗಲವಾದ ಸ್ಟೀಲ್ ಪರಾತದಲ್ಲಿ ಒಂದು ಬೆರಳು ದಪ್ಪ ಎಳ್ಳು, ಅದರ ಮೇಲೆ ಒಂದಕ್ಕೊಂದು ತಾಗದಂತೆ ಮೊಗ್ಗು, ಅದರ ಮೇಲೆ ತೆಳ್ಳಗೆ ಎಳ್ಳು. ಮೇಲೆ ಬಿಳಿ ಕಾಟನ್ ಬಟ್ಟೆ. ಮುಚ್ಚಳ ಹಾಕಬಾರದು. ಹೂ ಪರಿಮಳದ ಜೊತೆ ನೀರಿನಾಂಶವನ್ನೂ ಬಿಡುತ್ತದೆ, ಮುಚ್ಚಳ ಇದ್ದರೆ ಆ ನೀರು ಮತ್ತೆ ಎಳ್ಳಿಗೇ ಬೀಳುತ್ತದೆ. ರಾತ್ರಿ ಒಂಬತ್ತರ ಹೊತ್ತಿಗೆ ಮೊಗ್ಗು ಬಿಚ್ಚುತ್ತಿದ್ದವು. ಮೇಲಿನ ಕಾಳು ಸಣ್ಣಗೆ ಜರುಗಿ, ಎಳ್ಳಿನ ನಡುವಿಂದ ಬಿಳಿ ಎಸಳು ತಲೆ ಎತ್ತುವುದನ್ನು ನೋಡುತ್ತ ನಾನು ಊಟ ಮಾಡುತ್ತಿದ್ದೆ.

ಬೆಳಿಗ್ಗೆ ಆರಕ್ಕೆ ಎದ್ದು ಜರಡಿ ಹಿಡಿಯಬೇಕು. ಅಷ್ಟೊತ್ತಿಗೆ ಹೂ ಬಾಡಿರುತ್ತದೆ, ಕಂದಿರುವುದಿಲ್ಲ. ಈ ಗೆರೆಯನ್ನು ದಾಟಬಾರದು. ಅಂಚು ಕಂದಾದ ಹೂವಿನಿಂದ ಮಲ್ಲಿಗೆ ಬರುವುದಿಲ್ಲ, ಕೊಳೆತ ಸಿಹಿ ಬರುತ್ತದೆ. ಎಳ್ಳಿಗೆ ಒಳ್ಳೆಯದು ಕೆಟ್ಟದ್ದು ಅಂತಿಲ್ಲ, ಅದನ್ನೂ ಕುಡಿಯುತ್ತದೆ. ಒಂದು ಭಾನುವಾರ ಎಂಟರವರೆಗೆ ಮಲಗಿಬಿಟ್ಟಿದ್ದೆ. ಆ ದಿನದ್ದು ಹೋಗಲು ಮೂರು ರಾತ್ರಿಯ ಹೊಸ ಹೂ ಬೇಕಾಯಿತು.

ಹೂ ತೆಗೆದ ಮೇಲೆ ಎಳ್ಳನ್ನು ನೆರಳಲ್ಲಿ, ಫ್ಯಾನಿನ ಕೆಳಗೆ ಹರವಬೇಕು. ಮೊದಲ ಸಲ ನಾನು ಸೋತದ್ದು ಇಲ್ಲೇ. ಎಷ್ಟು ಒಣಗಿದರೆ ಸಾಕು ಅಂತ ಗೊತ್ತಿರಲಿಲ್ಲ. ಬಿಸಿಲಿಗೆ ಹಾಕಿದರೆ ಪರಿಮಳ ಹಾರಿಹೋಗುತ್ತದೆ, ಕಡಿಮೆ ಒಣಗಿದರೆ ಬೂಸ್ಟು.

"ಫೋನ ಎಳ್ಳಿನ ಹತ್ತರ ಹಿಡಿ. ಪರಾತ ಅಲ್ಲಾಡಸು" ಅಂದಳು ಆಯಿ.

ಅಲ್ಲಾಡಿಸಿದೆ.

"ಇನ್ನಾ ಹಸಿ ಐತಿ. ದನಿ ದಪ್ಪ ಬರಾಕತ್ತೈತಿ. ಅರ್ಧ ತಾಸ ಬಿಡು."

ಅರ್ಧ ಗಂಟೆ ಬಿಟ್ಟು ಮತ್ತೆ ಹಿಡಿದೆ. ಈ ಸಲ ನನಗೂ ಕೇಳಿಸಿತು. ಹಸಿ ಎಳ್ಳು ಒಟ್ಟೊಟ್ಟಿಗೆ ಜಾರುತ್ತದೆ, ದೊಪ್ಪನೆ. ಒಣಗಿದ ಎಳ್ಳು ಒಂದೊಂದೇ ಕಾಳಾಗಿ ಓಡುತ್ತದೆ, ಸರಸರ ಅಂತ, ಮಳೆ ಶುರುವಾದಾಗ ತಗಡಿನ ಮೇಲೆ ಕೇಳುವ ಹಾಗೆ. "ಹಾಂ, ಈಗ ಬರೋಬ್ಬರಿ. ಡಬ್ಬಿಗೆ ತುಂಬು" ಅನ್ನುತ್ತಿದ್ದಳು. ಅಲ್ಲಿ ಆಗ ಸಂಜೆ. ಹಿಂದೆ ಎಲ್ಲೋ ಮಗ್ಗದ ಸದ್ದು. ಖಣ ನೇಯುವ ಮನೆ ನಮ್ಮ ಓಣಿಯಲ್ಲಿ ಇನ್ನೂ ಇವೆ. ಆ ಸದ್ದು, ಈ ಎಳ್ಳಿನ ಸದ್ದು ಎರಡೂ ಫೋನಿನಲ್ಲಿ ಕೂಡುತ್ತಿದ್ದವು. ಮೊದಲ ಹತ್ತು ದಿನ ಹೀಗೆ ಆಯಿ ಕೇಳಿದಳು. ಆಮೇಲೆ, "ಈಗ ನಿನ್ನ ಕಿವಿಗೇ ತಿಳೀತೈತಿ" ಅಂದು ಬಿಟ್ಟಳು. ಆದರೂ ನಾನು ದಿನಾ ಫೋನ್ ಮಾಡಿದೆ.

ನಾಲ್ಕು ಕುಂಡದಿಂದ ದಿನಕ್ಕೆ 35-40 ಮೊಗ್ಗು. ಕೆಲವು ದಿನ 15. ಒಂದು ಮೊಗ್ಗು ಕಾಲು ಗ್ರಾಂ ತೂಗುವುದೂ ಕಷ್ಟ. ಅಂದರೆ ಒಳ್ಳೆಯ ದಿನಕ್ಕೂ ಹತ್ತು ಗ್ರಾಂ ಒಳಗೇ. ಅದಕ್ಕೇ ಎಳ್ಳು ಕಡಿಮೆ ಇಟ್ಟುಕೊಳ್ಳಲು ಆಯಿ ಹೇಳಿದ್ದು. ಆಗಸ್ಟ್‌ನಲ್ಲಿ 24 ರಾತ್ರಿ ಹೂ ಮುಡಿಸಿದೆ.

ಸಾಕಾಯಿತಾ ಅಂತ ತಿಳಿಯಲು ಮೂಗು ಮೋಸ ಮಾಡುತ್ತದೆ. ಡಬ್ಬಿ ತೆರೆದರೆ ಮೊದಲ ವಾರವೇ ಘಮಘಮ ಅನ್ನುತ್ತದೆ, ಆದರೆ ಅದು ಕಾಳಿನ ಮೈಮೇಲಿನ ವಾಸನೆ. "ಎಂಟ ಹತ್ತ ಕಾಳ ಅರಿವ್ಯಾಗ ತಿಕ್ಕಿ, ಬಾಯಾಗ ಹಾಕ್ಕೊಂಡ ಜಗಿ" ಅಂದಳು. ಹತ್ತನೇ ದಿನ ಜಗಿದಾಗ ಬರೀ ಎಳ್ಳು. ಹದಿನೆಂಟನೇ ದಿನ ನುಂಗುವಾಗ ಗಂಟಲ ಹಿಂದೆ ಒಂದು ಕ್ಷಣ ಏನೋ ಸುಳಿಯಿತು. 24ನೇ ದಿನ ಹಲ್ಲಿಗೆ ಸಿಕ್ಕ ಕೂಡಲೇ ಬಾಯಿ ತುಂಬ ಮಲ್ಲಿಗೆ. ಅಡುಗೆಮನೆಯ ಕಟ್ಟೆ ಹಿಡಿದು ನಿಂತೆ. ಆಯಿ ಆ ಕಡೆಯಿಂದ "ಬಂತೇನ? ಬಂತೇನ?" ಅನ್ನುತ್ತಿದ್ದಳು. ನನಗೆ ಉತ್ತರ ಕೊಡಲು ಸ್ವಲ್ಪ ಹೊತ್ತು ಬೇಕಾಯಿತು.

ಗಾಣ ಎಲ್ಲಿಂದ ತರಲಿ? ಆಯಿಯ ತವರಲ್ಲಿ ಗಾಣ ಇಲ್ಲದಾಗ ಕೈಯಿಂದ ತೆಗೆಯುತ್ತಿದ್ದರಂತೆ. ಎಳ್ಳನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ ನುಣ್ಣಗೆ ಮಾಡಿದೆ, ಜಾರ್ ಬಿಸಿಯಾದರೆ ನಿಲ್ಲಿಸುತ್ತ. ಆಮೇಲೆ ಪರಾತದಲ್ಲಿ ಹಾಕಿ, ಉಗುರು ಬೆಚ್ಚಗಿನ ನೀರನ್ನು ಒಂದೊಂದೇ ಚಮಚ ಚಿಮುಕಿಸುತ್ತ ನಾದಬೇಕು. ಹಿಂಡಿ ನೀರನ್ನು ಹಿಡಿದುಕೊಂಡು ಎಣ್ಣೆಯನ್ನು ಬಿಟ್ಟುಕೊಡುತ್ತದೆ. ಇದರ ಗುಟ್ಟು ನೀರಿನ ಅಳತೆಯಲ್ಲಿದೆ. ಮೊದಲು ಸಾದಾ ಎಳ್ಳಿನಲ್ಲಿ ಮಾಡಿ ನೋಡಿದಾಗ ಅವಸರದಲ್ಲಿ ಅರ್ಧ ಬಟ್ಟಲು ನೀರು ಸುರಿದಿದ್ದೆ. ಅದು ಬೆಳ್ಳಗೆ ಹಾಲಾಗಿ ಕೂತಿತು, ಎಣ್ಣೆ ಬಿಡಲೇ ಇಲ್ಲ. ಹೂ ಮುಡಿಸಿದ ಎಳ್ಳಿಗೆ ಐದು ಚಮಚ ಸಾಕಾಯಿತು. ನಲವತ್ತು ನಿಮಿಷ ನಾದಿದೆ. ಮೂವತ್ತೈದು ನಿಮಿಷದವರೆಗೆ ಬರೀ ಅಂಟು. ಆಮೇಲೆ ಒಮ್ಮೆಲೇ ಉಂಡೆ ಗಟ್ಟಿಯಾಯಿತು, ಬೆರಳಿನ ಸಂದಿಯಿಂದ ಎಣ್ಣೆ ಇಳಿಯಿತು.

ಒಂದು ರಾತ್ರಿ ನಿಲ್ಲಿಸಿ, ತಳದ ನೀರು ಬಿಟ್ಟು ಮೇಲಿನದನ್ನು ಮಾತ್ರ ಬಗ್ಗಿಸಿಕೊಂಡೆ. ಹೀಗೆ ಎರಡು ಸಲ. ಕೊನೆಗೆ ಸಿಕ್ಕಿದ್ದು 70 ಮಿಲಿ. ಗಾಣಕ್ಕೆ ಹಾಕಿದ್ದರೆ ಇನ್ನೂ ಸಿಗುತ್ತಿತ್ತು. ಬಾಟಲಿ ಮೂಸಿದರೆ ಎಳ್ಳೇ ಮುಂದೆ ಬರುತ್ತಿತ್ತು. ಅಂಗೈಗೆ ಎರಡು ಹನಿ ಹಾಕಿ ತಿಕ್ಕಿ, ಕಣ್ಣು ಮುಚ್ಚಿ, ನನ್ನ ನೆತ್ತಿಗೆ ನಾನೇ ಕೈ ಇಟ್ಟುಕೊಂಡೆ. ತುಸು ಹೊತ್ತಿಗೆ ಬಂತು. ಆಯಿಯದಷ್ಟು ಗಾಢ ಅಲ್ಲ. ಆದರೆ ಅದೇ.

ಜನವರಿಯಲ್ಲಿ ಊರಿಗೆ ಹೋದೆ. ಬನದ ಹುಣ್ಣಿಮೆಗೆ ನಾಲ್ಕು ದಿನ ಇತ್ತು. ಬಾದಾಮಿಯಲ್ಲಿ ರೈಲು ಇಳಿದಾಗಲೇ ಬನಶಂಕರಿ ಜಾತ್ರೆಗೆ ಹೊರಟವರ ಗದ್ದಲ. ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸ್ವೆಟರಿನ ಒಳಗೆ ಇಟ್ಟು ತಂದಿದ್ದೆ. ಒಂದು ಹನಿಯೂ ಸೋರಿರಲಿಲ್ಲ.

ಸಂಜೆ ಪಡಸಾಲೆಯಲ್ಲಿ ಆಯಿ ಬಾಟಲಿ ತೆಗೆದುಕೊಂಡಳು. ಮೂಗಿನ ಹತ್ತಿರ ಒಯ್ಯಲಿಲ್ಲ. ಬೆಳಕಿಗೆ ಹಿಡಿದು ತಳ ನೋಡಿದಳು. ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿದಳು.

"ನೀರ ಪೂರಾ ಹೋಗಿಲ್ಲ. ಮುಂದಿನ ಸಲ ಮೂರ ಸರ್ತಿ ಬಗ್ಗಸು" ಅಂದಳು. ಆಮೇಲೆ ಸ್ವಲ್ಪ ತಡೆದು, "ಹೂವಾ ಐತೇನ?" ಅಂದಳು.

"ಐತಿ ಬೇ. ಮೊದಲ ಎಳ್ಳ ಬರತೈತಿ. ಆಮ್ಯಾಲ ಹೂವಾ."

"ಹಂಗಾದ್ರ ಹಚ್ಚ."

ಆಯಿಯ ತುರುಬು ಬಿಚ್ಚಿದೆ. ಕೂದಲು ಈಗ ಬೆರಳು ಗಾತ್ರ, ಪೂರ್ತಿ ಬೆಳ್ಳಗೆ. ಎರಡು ಹನಿ ಹಾಕಿ ನೆತ್ತಿ ತಿಕ್ಕಿ, ಹಿಕ್ಕಿ, ಮತ್ತೆ ತುರುಬು ಕಟ್ಟಿದೆ. ನಡುವೆ ಒಂದೆರಡು ಸಲ, "ಈಗ?" ಅಂತ ಕೇಳಿದಳು. "ಈಗ ಬರಾಕತ್ತೈತಿ" ಅಂದೆ. "ಈಗ?" "ಈಗ ಜಾಸ್ತಿ ಆತು."

ಹೊರಗೆ ಆಡುತ್ತಿದ್ದ ಕಾಕುನ ಮೊಮ್ಮಗ ಒಳಗೆ ಓಡಿ ಬಂದ. ಐದು ವರ್ಷದವನು. ಆಯಿಯ ಮಡಿಲು ಹತ್ತಲು ಹೋದವನು ಅರ್ಧಕ್ಕೇ ನಿಂತ. ಮೂಗು ಎತ್ತಿ ಆಚೆ ಈಚೆ ನೋಡಿದ. ಆಮೇಲೆ ಆಯಿಯ ಬೆನ್ನ ಹಿಂದೆ ಬಂದು ತುರುಬಿಗೆ ಕೈ ಹಾಕಿದ.

"ದೊಡ್ಡಾಯಿ, ಹೂವಾ ಎಲ್ಲಿ ಇಟ್ಟೀ?"

ಕಾಕು ಅವನನ್ನು ಎಳೆದುಕೊಳ್ಳಲು ಕೈ ಚಾಚಿದಳು. ಆಯಿ ಬೇಡ ಅಂತ ಕೈಯಲ್ಲೇ ತಡೆದಳು. ಅವನಿಗೆ ಸಿಗುವ ಹಾಗೆ ತಲೆಯನ್ನು ಇನ್ನಷ್ಟು ಬಗ್ಗಿಸಿದಳು.

"ಹುಡುಕಪಾ" ಅಂದಳು. "ಛಂದಂಗ ಹುಡುಕು."